ತಿಳಿಹಳದಿಗೆ ಎಷ್ಟು ನೇರಳೆ?

ಬ್ಲೀಚ್ ತೊಳೆಸಿಕೊಂಡು ಪಾರ್ಲರಿನ ಬೇಸಿನ್ನಿಂದ ತಲೆಯೆತ್ತಿ ಕನ್ನಡಿ ನೋಡಿಕೊಂಡವರಿಗೆ ಮೊದಲು ಆಗುವುದು ಗಾಬರಿ. ಫೋನಿನಲ್ಲಿ ತೋರಿಸಿದ್ದು ಬೂದು ಮಿಶ್ರಿತ ಹೊಂಬಣ್ಣ, ತಲೆಯ ಮೇಲಿರುವುದು ಹಸಿಹಸಿ ಹಳದಿ. ‘ಟೋನರ್ ಹಾಕಿದರೆ ಸರಿಹೋಗುತ್ತೆ ಮೇಡಂ’ ಎನ್ನುತ್ತಾರೆ ಪಾರ್ಲರಿನವರು. ಅನೇಕ ಸಲ ಸರಿಯೂ ಹೋಗುತ್ತದೆ. ಸರಿಹೋಗದಿದ್ದಾಗ ಆಗುವ ಅನಾಹುತ ಮಾತ್ರ ಬೇರೆಯೇ ರೀತಿಯದು. ಹಳದಿ ಹೋಗಿರುತ್ತದೆ, ಅದರ ಜಾಗದಲ್ಲಿ ಹೊಳಪೇ ಇಲ್ಲದ, ಇತ್ತ ಕಂದೂ ಅಲ್ಲದ ಅತ್ತ ಬೂದಿಯೂ ಅಲ್ಲದ ರಾಡಿ ಬಣ್ಣವೊಂದು ಬಂದು ಕೂತಿರುತ್ತದೆ. ಬಿಸಿಲಿಗೆ ಬಂದರೆ ಅದರಲ್ಲಿ ಪಾಚಿಯ ಛಾಯೆಯೂ ಕಾಣಬಹುದು.

ಇಷ್ಟಾದ ಮೇಲೆ ಬೈಗುಳ ಬೀಳುವುದು ಬ್ಲೀಚಿಗೆ, ಇಲ್ಲವೇ ಟೋನರಿನ ಕಂಪನಿಗೆ. ನಿಜವಾಗಿ ತಪ್ಪು ನಡೆದಿರುವುದು ಈ ಎರಡರ ನಡುವಿನ ಐದು ನಿಮಿಷದಲ್ಲಿ, ಟ್ಯೂಬಿನ ಮೇಲಿನ ಮೊದಲ ಅಂಕಿಯನ್ನು ಆರಿಸುವಾಗ.

ಕೂದಲಿನ ಬಣ್ಣದ ಲೆಕ್ಕದಲ್ಲಿ 1 ಎಂದರೆ ಕಡುಗಪ್ಪು, 10 ಎಂದರೆ ಅತ್ಯಂತ ತಿಳಿಯಾದ ಹೊಂಬಣ್ಣ. ಇದಕ್ಕೆ ಪಾರ್ಲರಿನಲ್ಲಿ ಲೆವೆಲ್ ಎನ್ನುತ್ತಾರೆ. ನಮ್ಮ ಕಡೆಯ ಬಹುತೇಕ ತಲೆಗಳು 1ರಿಂದ 3ರೊಳಗೆ. ಇಷ್ಟು ಕಪ್ಪಾದ ಕೂದಲಿಗೆ ಬ್ಲೀಚ್ ಹಾಕಿದರೆ ಕಪ್ಪು ಒಮ್ಮೆಗೇ ಬಿಳಿಯಾಗುವುದಿಲ್ಲ. ಮೊದಲು ಕೆಂಪು ಮಿಶ್ರಿತ ಕಂದು, ಆಮೇಲೆ ಕೆಂಪು, ಲೆವೆಲ್ 6ರ ಹೊತ್ತಿಗೆ ಕಿತ್ತಳೆ, 7ಕ್ಕೆ ಕಿತ್ತಳೆ ಬೆರೆತ ಹಳದಿ, 8ಕ್ಕೆ ಅಚ್ಚ ಹಳದಿ, 9ಕ್ಕೆ ತಿಳಿಹಳದಿ, 10ಕ್ಕೆ ಇನ್ನೂ ಮಾಸಲಾದ ಹಳದಿ. ಕೆಲಸ ಬಲ್ಲವರು ಕೊನೆಯ ಮೆಟ್ಟಿಲುಗಳನ್ನು ಬಾಳೆಹಣ್ಣಿನಿಂದ ಅಳೆಯುತ್ತಾರೆ: ಸಿಪ್ಪೆಯ ಹೊರಮೈ 8, ಒಳಮೈ 10. ಆ ಒಳಮೈ ಬಣ್ಣದಿಂದ ಮುಂದಕ್ಕೆ ಹೋಗಬಾರದು. ಅಲ್ಲಿ ಉಳಿದಿರುವ ಹಳದಿಯಲ್ಲಿ ಒಂದು ಪಾಲು ಕೂದಲಿನ ಮೂಲ ಪದಾರ್ಥವಾದ ಕೆರಟಿನ್‌ನದೇ. ಅದನ್ನೂ ತೆಗೆಯಲು ಹೊರಟರೆ ಬಣ್ಣದ ಜೊತೆ ಕೂದಲೂ ಹೋಗುತ್ತದೆ.

ಈಗ ಟೋನರಿಗೆ ಬರೋಣ. ಟೋನರ್ ಕೂದಲನ್ನು ತಿಳಿಯಾಗಿಸುವುದಿಲ್ಲ. ಇದೊಂದು ಮಾತು ಗಟ್ಟಿಯಾದರೆ ಅರ್ಧ ಗೊಂದಲ ಕಳೆದಂತೆ. ಅದು ಇರುವ ಬಣ್ಣದ ಮೇಲೆ ಇನ್ನೊಂದು ಬಣ್ಣವನ್ನು ಕೂಡಿಸುತ್ತದೆ. ಹಳದಿಗೆ ಎದುರಾಳಿ ನೇರಳೆ, ಕಿತ್ತಳೆಗೆ ಎದುರಾಳಿ ನೀಲಿ. ಎದುರಾಳಿಗಳು ಸರಿಸಮನಾಗಿ ಸೇರಿದರೆ ಎರಡರ ಅಬ್ಬರವೂ ಅಡಗಿ ಕಣ್ಣಿಗೆ ತಟಸ್ಥವಾದ ಬಣ್ಣ ಕಾಣುತ್ತದೆ. ಇಷ್ಟು ಸಂಗತಿ ಎಲ್ಲ ಪಾರ್ಲರುಗಳಿಗೂ ಗೊತ್ತು, ಗೋಡೆಯ ಮೇಲೆ ಬಣ್ಣಗಳ ಚಕ್ರವೂ ನೇತಾಡುತ್ತಿರುತ್ತದೆ. ಚಕ್ರ ಹೇಳದೆ ಬಿಡುವುದು ‘ಸರಿಸಮ’ ಎಂದರೆ ಎಷ್ಟು ಎಂಬುದನ್ನು.

ಆ ‘ಎಷ್ಟು’ ಇರುವುದು ಟ್ಯೂಬಿನ ಮೊದಲ ಅಂಕಿಯಲ್ಲಿ. 9.2 ಎಂದು ಬರೆದಿದ್ದರೆ ಚುಕ್ಕೆಯ ಹಿಂದಿನ 9 ಬಣ್ಣದ ಆಳ, ಮುಂದಿನ 2 ಅದರ ಛಾಯೆ. ಲೆವೆಲ್ 10ರ ಟೋನರಿನಲ್ಲಿ ಬಣ್ಣದ ಅಂಶ ತೀರ ಕಡಿಮೆ, 9ರಲ್ಲಿ ಸ್ವಲ್ಪ ಹೆಚ್ಚು, 8ರಲ್ಲಿ ಇನ್ನೂ ಹೆಚ್ಚು, 7ರದ್ದು ದಟ್ಟ. ಕೂದಲಿನಲ್ಲಿ ಉಳಿದ ಹಳದಿಯೂ ಇದೇ ಲೆಕ್ಕದಲ್ಲಿ ಏರುತ್ತದೆ. 10ರಲ್ಲಿ ಹಳದಿ ಚೂರೇ ಚೂರು, 8ರಲ್ಲಿ ಧಾರಾಳ. ಹಾಗಾಗಿ ಕೂದಲು ಯಾವ ಲೆವೆಲ್ಲಿಗೆ ಬಂದು ನಿಂತಿದೆಯೋ ಅದೇ ಲೆವೆಲ್ಲಿನ ಟೋನರ್ ಹಾಕಿದರೆ ಹಳದಿಗೂ ನೇರಳೆಗೂ ಲೆಕ್ಕ ಚುಕ್ತಾ ಆಗುತ್ತದೆ.

ಲೆಕ್ಕ ತಪ್ಪಿದರೆ ಎರಡು ದಾರಿ. ಕೂದಲು 8ರಲ್ಲಿ ನಿಂತಿರುವಾಗ 10ರ ಟೋನರ್ ಹಾಕಿದರೆ ನೇರಳೆ ಸಾಲದೆ ಹಳದಿ ಉಳಿದುಬಿಡುತ್ತದೆ. ಗಿರಾಕಿಗೆ ಬೇಸರವಾಗಬಹುದು, ಆದರೆ ಕೆಟ್ಟದ್ದೇನೂ ಆಗಿಲ್ಲ, ಇನ್ನೊಮ್ಮೆ ಹಾಕಬಹುದು. ಕೂದಲು 10ಕ್ಕೆ ಬಂದಿರುವಾಗ 8ರ ಟೋನರ್ ಬಿದ್ದರೆ ಅದು ದುಬಾರಿ ತಪ್ಪು. ಅಷ್ಟೊಂದು ಬಣ್ಣಕ್ಕೆ ಎದುರು ನಿಲ್ಲಲು ಅಲ್ಲಿ ಹಳದಿಯೇ ಇರುವುದಿಲ್ಲ. ಮಿಕ್ಕ ಬಣ್ಣವೆಲ್ಲ ಕೂದಲಿನಲ್ಲೇ ಉಳಿದು ಅದನ್ನು ಎರಡು ಮೆಟ್ಟಿಲು ಕೆಳಕ್ಕೆ ಎಳೆಯುತ್ತದೆ, ಹೊಳಪನ್ನು ನುಂಗುತ್ತದೆ. ರಾಡಿ ಹುಟ್ಟುವುದು ಹೀಗೆ. ಗಂಟೆಗಟ್ಟಲೆ ಕೂತು, ಕೂದಲನ್ನು ಸವೆಸಿಕೊಂಡು ಗಳಿಸಿದ ತಿಳಿಬಣ್ಣವನ್ನು ಹದಿನೈದು ನಿಮಿಷದಲ್ಲಿ ಮುಚ್ಚಿಹಾಕಿದಂತೆ. ‘ಹಳದಿ ಜಾಸ್ತಿ ಇದೆ, ಸ್ಟ್ರಾಂಗ್ ಆಗಿರೋ ಆ್ಯಶ್ ಹಾಕಿಬಿಡಿ’ ಎಂಬ ಬೇಡಿಕೆಗೆ ಪಾರ್ಲರಿನವರು ತಲೆಯಾಡಿಸಬಾರದು ಎನ್ನುವುದು ಇದಕ್ಕೇ.

ಆ್ಯಶ್ ಎಂಬ ಪದದಲ್ಲೂ ಒಂದು ಕುಣಿಕೆಯಿದೆ. ಒಂದು ಕಂಪನಿಯ ಆ್ಯಶ್‌ನಲ್ಲಿ ನೀಲಿ ಮುಂದಾಗಿರುತ್ತದೆ, ಇನ್ನೊಂದರದ್ದರಲ್ಲಿ ಹಸಿರು, ಮತ್ತೊಂದರಲ್ಲಿ ನೇರಳೆ. ಚುಕ್ಕೆಯ ಮುಂದಿನ ಅಂಕಿಗಳಿಗೂ ಎಲ್ಲರದ್ದೂ ಒಂದೇ ಅರ್ಥವಲ್ಲ. ಶುದ್ಧ ತಿಳಿಹಳದಿಯ ಮೇಲೆ ನೀಲಿ ಪ್ರಧಾನವಾದ ಆ್ಯಶ್ ಹಾಕಿದರೆ ಮಕ್ಕಳ ಬಣ್ಣದ ಡಬ್ಬಿಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ, ಹಸಿರು. ಲೆವೆಲ್ 9 ಮತ್ತು 10ಕ್ಕೆ ನೇರಳೆ ಮುಂದಾಗಿರುವ ಟೋನರ್ ಬೇಕು. ಚೂರು ಕಿತ್ತಳೆ ಇಣುಕುವ ಕಡೆ ಮಾತ್ರ ಅದಕ್ಕೆ ಸ್ವಲ್ಪ ನೀಲಿ ಬೆರೆಸಿಕೊಳ್ಳಬಹುದು. ಆಯಾ ಕಂಪನಿಯ ಶೇಡ್ ಚಾರ್ಟ್ ನೋಡದೆ, ಬರೀ ಅಂಕಿ ನೆನಪಿಟ್ಟುಕೊಂಡು ಟ್ಯೂಬ್ ತೆಗೆಯುವವರ ಕೈಯಲ್ಲಿ ಒಳ್ಳೆಯ ಕಂಪನಿಯ ಟೋನರೂ ಕೆಡುತ್ತದೆ.

ಲೆವೆಲ್ ನೋಡುವುದು ಕೇಳಲು ಸುಲಭ, ಮಾಡಲು ಅಲ್ಲ. ಅದಕ್ಕೆ ಮೊದಲ ಅಡ್ಡಿ ಬ್ಲೀಚೇ. ಅನೇಕ ಬ್ಲೀಚ್ ಪುಡಿಗಳಿಗೆ ನೀಲಿ ಬಣ್ಣ ಸೇರಿಸಿರುತ್ತಾರೆ. ಅದು ಕೂದಲಿನ ಮೇಲಿರುವಷ್ಟು ಹೊತ್ತು ಹಳದಿಯನ್ನು ಮರೆಮಾಡುತ್ತದೆ. ಫಾಯಿಲ್ ಬಿಚ್ಚಿ ನೋಡಿದರೆ 10 ಬಂದಂತೆ ಕಾಣುತ್ತದೆ, ತೊಳೆದರೆ 8. ಒದ್ದೆ ಕೂದಲು ಬೇರೆ ಒಣಗಿದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಇನ್ನು ಪಾರ್ಲರಿನ ದೀಪ. ಮುಖ ಚಂದ ಕಾಣಲೆಂದು ಹಾಕಿದ ಬೆಚ್ಚನೆಯ ಹಳದಿ ದೀಪದ ಕೆಳಗೆ ನಿಂತು ಹಳದಿಯನ್ನು ಅಳೆಯಲು ಹೋಗುವುದು ವ್ಯರ್ಥ.

ನಮ್ಮ ತಲೆಗಳಿಗೇ ವಿಶೇಷವಾದ ಇನ್ನೊಂದು ಮೋಸವಿದೆ. ಹೈಲೈಟ್ಸ್ ಮಾಡಿದಾಗ ಬ್ಲೀಚ್ ಆದ ಎಳೆಯ ಅಕ್ಕಪಕ್ಕ ಕಡುಗಪ್ಪು ಕೂದಲಿರುತ್ತದೆ. ಕಪ್ಪಿನ ಮಗ್ಗುಲಲ್ಲಿ ಯಾವ ತಿಳಿಬಣ್ಣವೂ ಇದ್ದುದಕ್ಕಿಂತ ಹೆಚ್ಚು ತಿಳಿಯಾಗಿ ಕಾಣುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಕಪ್ಪು ದಾರ ಮಂಕಾಗಿದೆ ಎಂಬ ದೂರು ಬರುತ್ತಿತ್ತು. ದಾರದಲ್ಲಿ ತಪ್ಪಿಲ್ಲ, ಪಕ್ಕದ ದಾರಗಳ ಬಣ್ಣ ಅದನ್ನು ಹಾಗೆ ಕಾಣಿಸುತ್ತಿದೆ ಎಂದು ಅವನು ಕಂಡುಕೊಂಡ. 1839ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಪಾರ್ಲರಿನಲ್ಲಿ ಇದಕ್ಕೆ ಪರಿಹಾರ ಒಂದು ಬಿಳಿ ಟಿಶ್ಯೂ ಕಾಗದ. ಎಳೆಯನ್ನು ತೊಳೆದು, ಡ್ರೈಯರಿನಲ್ಲಿ ಒಣಗಿಸಿ, ಕಪ್ಪು ಕೂದಲು ಕಾಣದಂತೆ ಅದರಡಿ ಟಿಶ್ಯೂ ಇಟ್ಟು, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಬೇಕು. ಲೆವೆಲ್ 9 ಅಂದುಕೊಂಡದ್ದು ಎಷ್ಟೋ ಸಲ ಅಲ್ಲಿ 8 ಆಗಿ ಕಾಣುತ್ತದೆ.

ನೋಡಬೇಕಾದ್ದು ಬಣ್ಣ ಮಾತ್ರವೂ ಅಲ್ಲ. ಬ್ಲೀಚ್ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ. ಅದೂ ಎಲ್ಲ ಕಡೆ ಒಂದೇ ರೀತಿಯಲ್ಲಲ್ಲ. ತುದಿಗಳು ಹಳೆಯವು, ಬಿಸಿಲು, ಬಾಚಣಿಗೆ, ಸ್ಟ್ರೇಟ್ನರ್ ಎಲ್ಲವನ್ನೂ ಕಂಡವು. ಬಣ್ಣ ಬಿದ್ದ ತಕ್ಷಣ ಅವು ಬೇಕಾದ್ದಕ್ಕಿಂತ ಹೆಚ್ಚು ಹೀರಿಕೊಳ್ಳುತ್ತವೆ. ಲೆವೆಲ್ 9ರ ಟೋನರ್ ಸವೆದ ತುದಿಯ ಮೇಲೆ 8ರ ಹಾಗೆ ವರ್ತಿಸುವುದು ಮಾಮೂಲು. ಹಾಗಾಗಿ ತುದಿಗೆ ಒಂದು ಲೆವೆಲ್ ತಿಳಿಯಾದದ್ದನ್ನು ಆರಿಸುತ್ತಾರೆ, ಇಲ್ಲವೇ ಅದೇ ಟೋನರಿಗೆ ‘ಕ್ಲಿಯರ್’ ಎಂಬ ಬಣ್ಣವಿಲ್ಲದ ಶೇಡ್ ಬೆರೆಸಿ ತೆಳುಗೊಳಿಸುತ್ತಾರೆ. ಒದ್ದೆ ಎಳೆಯನ್ನು ಮೆಲ್ಲಗೆ ಎಳೆದಾಗ ಅದು ಉದ್ದವಾಗಿ, ಬಿಟ್ಟ ಮೇಲೆ ಹಿಂದಕ್ಕೆ ಬಾರದೆ ಹಾಗೇ ಜೋತುಬಿದ್ದರೆ ಅವತ್ತಿಗೆ ಇನ್ನು ಯಾವ ಬ್ಲೀಚೂ ಬೇಡ.

ಒಂದು ತಲೆಯ ಮೇಲೆ ಇದೆಲ್ಲ ಹೇಗೆ ನಡೆಯುತ್ತದೆ ಎಂದು ನೋಡೋಣ. ಬೆನ್ನಿನ ನಡುವಿನವರೆಗೆ ಬರುವ ಲೆವೆಲ್ 2ರ ಕೂದಲು, ಮದರಂಗಿ ಹಚ್ಚಿದವರಲ್ಲ. ಬೇಕಾದ್ದು ಆ್ಯಶ್ ಬ್ಲಾಂಡ್ ಹೈಲೈಟ್ಸ್. ಮೊದಲ ಸಲ ಫಾಯಿಲ್ ಹಾಕಿದಾಗ ಕೂದಲು ಕಿತ್ತಳೆ ಮಿಶ್ರಿತ ಹಳದಿಗೆ ಬಂದು ನಿಂತಿತು. ಅಲ್ಲಿಗೇ ನಿಲ್ಲಿಸಿ, ಕೆಲವು ವಾರ ಬಿಡುವು ಕೊಟ್ಟು, ಎರಡನೇ ಸಲ ಮತ್ತೆ ಫಾಯಿಲ್. ಈ ಬಾರಿ ತೊಳೆದು ಒಣಗಿಸಿ ಟಿಶ್ಯೂ ಮೇಲಿಟ್ಟು ನೋಡಿದರೆ ಒಂದೇ ಎಳೆಯಲ್ಲಿ ಮೂರು ಹಳದಿ. ಎರಡೂ ಸಲ ಬ್ಲೀಚ್ ಚೆನ್ನಾಗಿ ಕುಡಿದ ತುದಿ 10. ನಡುಭಾಗ 9. ಬುಡದ ಹತ್ತಿರ, ಬ್ಲೀಚ್ ಫಾಯಿಲಿನಿಂದ ಆಚೆ ಸೋರೀತೆಂಬ ಭಯಕ್ಕೆ ತೆಳ್ಳಗೆ ಸವರಿದ್ದ ಮೂರು ಬೆರಳಗಲದ ಪಟ್ಟಿ 8.

ಗಿರಾಕಿ ತಂದ ಫೋಟೋದಲ್ಲಿದ್ದದ್ದು ಲೆವೆಲ್ 8ರ ಆ್ಯಶ್. ನೇರವಾಗಿ 8.1ರ ಟ್ಯೂಬ್ ಬಿಚ್ಚಿ ತಲೆಗೆಲ್ಲ ಹಚ್ಚಿಬಿಡುವ ಆಸೆ ಯಾರಿಗಾದರೂ ಆಗುವಂಥದ್ದೇ. ಮೊದಲು ಕತ್ತಿನ ಹಿಂದೆ, ಮೇಲಿನ ಕೂದಲು ಮುಚ್ಚುವ ಜಾಗದಲ್ಲಿ, ಒಂದೇ ಎಳೆಗೆ ಅದನ್ನು ಹಚ್ಚಿ ನೋಡಿದರು. ಐದು ನಿಮಿಷ ಬಿಟ್ಟು ಒರೆಸಿದಾಗ ಬುಡದ ಪಟ್ಟಿಯಲ್ಲಿ ಹಳದಿ ಅಡಗಿ ಬಣ್ಣ ಚೆನ್ನಾಗಿಯೇ ಬಂದಿತ್ತು, ನಡುಭಾಗ ಮಂಕಾಗಿತ್ತು, ತುದಿ ಆಗಲೇ ಖಾಕಿ. ಟ್ಯೂಬು ಒಂದೇ, ಸಮಯ ಒಂದೇ, ಬಣ್ಣ ಮಾತ್ರ ಮೂರು.

‘ಫೋಟೋದಲ್ಲಿರೋದೇ ಬೇಕಲ್ವಾ?’ ಎಂದು ಗಿರಾಕಿ ಕೇಳಿದರು.

‘ಫೋಟೋದವರ ಕೂದಲು ಪೂರ್ತಿ ಒಂದೇ ಹಳದಿಗೆ ಬಂದಿತ್ತೇನೋ ಮೇಡಂ. ನಿಮ್ಮದರಲ್ಲಿ ಮೂರು ಹಳದಿ ಇದೆ, ಮೂರಕ್ಕೂ ಬೇರೆ ಬೇರೆ ಕಲಸ್ತೀನಿ.’

ಮೂರು ಬೌಲ್ ಸಿದ್ಧವಾದವು. ಮೊದಲನೆಯದರಲ್ಲಿ ಲೆವೆಲ್ 8ರ ನೇರಳೆ, ಅದಕ್ಕೆ ಒಂದಿಷ್ಟು ನೀಲಿ ಆ್ಯಶ್, ಬುಡದ ಪಟ್ಟಿಗೆ. ಎರಡನೆಯದರಲ್ಲಿ ಲೆವೆಲ್ 9ರ ನೇರಳೆ, ನಡುಭಾಗಕ್ಕೆ. ಮೂರನೆಯದರಲ್ಲಿ ಅದೇ 9ಕ್ಕೆ ಸಮಪ್ರಮಾಣದ ಕ್ಲಿಯರ್, ತುದಿಗೆ. ಆ ಟೋನರಿಗೆ ಕಂಪನಿ ಹೇಳಿದ್ದು ಒಂದಕ್ಕೆ ಎರಡರ ಪ್ರಮಾಣ, ಅಂದರೆ 20 ಗ್ರಾಂ ಟೋನರಿಗೆ 40 ಗ್ರಾಂ ಡೆವಲಪರ್. ಇದನ್ನು ಕಣ್ಣಳತೆಗೆ ಬಿಡದೆ ತೂಕದ ಯಂತ್ರದ ಮೇಲೆ ಬೌಲ್ ಇಟ್ಟೇ ಕಲಸಬೇಕು. ಡೆವಲಪರ್ ಆರಿಸಿಕೊಂಡದ್ದು ಶೇಕಡಾ 1.9ರದ್ದು, ಪಾರ್ಲರಿನ ಭಾಷೆಯಲ್ಲಿ 6 ವಾಲ್ಯೂಮ್. ಇದಕ್ಕೂ ಕಾರಣವಿದೆ. ತೊಳೆಯುವಾಗ ಟೋನರ್ ಪಕ್ಕದ ಕಪ್ಪು ಕೂದಲಿಗೂ ತಾಗುತ್ತದೆ. ಕ್ಷಾರ ಹೆಚ್ಚಿರುವ ಟೋನರಿಗೆ 20 ವಾಲ್ಯೂಮ್ ಡೆವಲಪರ್ ಸೇರಿಸಿದ್ದರೆ ಅದು ಆ ಕಪ್ಪನ್ನೂ ಚೂರು ಕರಗಿಸಿ ಕೆಂಪಗೆ ಮಾಡಬಲ್ಲದು. ಆಮೇಲೆ ಹೈಲೈಟ್ಸ್ ತಣ್ಣಗೆ, ಉಳಿದ ಕೂದಲು ಬೆಚ್ಚಗೆ, ಒಟ್ಟಾರೆ ತಲೆ ಕಲಸುಮೇಲೋಗರ.

ಟವೆಲಿನಲ್ಲಿ ನೀರು ಹಿಂಡಿದ ಒದ್ದೆ ಕೂದಲಿಗೆ ಮೊದಲು ಬುಡದ ಪಟ್ಟಿ, ಐದು ನಿಮಿಷ ಕಳೆದ ಮೇಲೆ ನಡುಭಾಗ, ತುದಿ ಎಲ್ಲಕ್ಕಿಂತ ಕೊನೆಗೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಬೌಲಿನಲ್ಲಿದ್ದದ್ದೂ ತಲೆಯ ಮೇಲಿದ್ದದ್ದೂ ಕಡುನೇರಳೆಯಾಯಿತು. ಹೊಸಬರು ಹೆದರುವುದು ಇಲ್ಲಿ. ಅದು ಲೇಪದ ಬಣ್ಣ, ಕೂದಲಿನದಲ್ಲ. ಕೂದಲಿನದು ತಿಳಿಯಬೇಕಾದರೆ ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದು ಜಾಗದಲ್ಲಿ ಟಿಶ್ಯೂವಿನಿಂದ ಒರೆಸಿ ನೋಡುತ್ತಿರಬೇಕು. ತುದಿಗೆ ನಾಲ್ಕೇ ನಿಮಿಷ ಸಾಕಾಯಿತು. ಡಬ್ಬಿಯ ಮೇಲೆ 20 ನಿಮಿಷ ಎಂದಿದ್ದರೂ ಅದು ಗರಿಷ್ಠ ಮಿತಿ, ಬಣ್ಣ ಬಂದ ಮೇಲೂ ಕಾಯಬೇಕೆಂದು ಅರ್ಥವಲ್ಲ. ಹಳದಿ ಇನ್ನೂ ಎಳ್ಳಷ್ಟು ಉಳಿದಿದೆ ಅನ್ನಿಸುವಾಗಲೇ ತೊಳೆಯುವುದು ಒಳ್ಳೆಯದು. ಅಷ್ಟು ಬೆಚ್ಚಗಿನ ಛಾಯೆ ಇಲ್ಲದಿದ್ದರೆ ಹೊಂಬಣ್ಣಕ್ಕೆ ಜೀವವೇ ಇರುವುದಿಲ್ಲ.

ತಣ್ಣೀರಿನಲ್ಲಿ ತೊಳೆದು ಒಣಗಿಸಿದಾಗ ಬಂದದ್ದು ಮುತ್ತಿನ ಛಾಯೆಯ ಲೆವೆಲ್ 9, ಬುಡದ ಬಳಿ ಅರ್ಧ ಮೆಟ್ಟಿಲು ಗಾಢ. ಫೋಟೋದಲ್ಲಿದ್ದ ಬೂದಿ ಬಣ್ಣ ಅದಲ್ಲ. ನನ್ನ ಕಣ್ಣಿಗೆ ಅದಕ್ಕಿಂತ ಇದೇ ಚೆನ್ನ. ಗೋಧಿ ಮೈಬಣ್ಣದ ಮುಖದ ಪಕ್ಕ ಶುದ್ಧ ಬೂದಿ ಬಣ್ಣದ ಕೂದಲು ಮುಖವನ್ನೇ ಕಳೆಗುಂದಿಸುತ್ತದೆ.

ಎಲ್ಲ ತಲೆಗೂ ಹೀಗೆ ಮೂರು ಬೌಲ್ ಬೇಕೆಂದಿಲ್ಲ. ಆದರೆ ಬುಡದಲ್ಲಿ ಕಿತ್ತಳೆ ಪಟ್ಟಿ ಉಳಿದಿದೆ, ಅಂದರೆ 7ಕ್ಕೇ ನಿಂತಿದೆ ಎಂದಾದರೆ ಬೌಲುಗಳಿಂದ ಕೆಲಸ ನಡೆಯದು. ಕಿತ್ತಳೆಯ ಮೇಲೆ ಲೆವೆಲ್ 10ರ ನೇರಳೆ ಹಚ್ಚಿದರೆ ಏನೂ ಆಗುವುದಿಲ್ಲ, ದಟ್ಟ ನೇರಳೆ ಹಚ್ಚಿದರೆ ಮಣ್ಣುಗೆಂಪು ಬರುತ್ತದೆ. ಕೂದಲು ತಡೆಯುವಂತಿದ್ದರೆ ಆ ಪಟ್ಟಿಗಷ್ಟೇ ಮತ್ತೆ ಬ್ಲೀಚ್ ಹಾಕಬೇಕು. ತಡೆಯದಿದ್ದರೆ ಅವತ್ತಿಗೆ ಆ್ಯಶ್ ಆಸೆ ಬಿಟ್ಟು 7ರ ಕ್ಯಾರಮೆಲ್ಲಿಗೋ ಬೀಜ್‌ಗೋ ಒಪ್ಪಿಕೊಳ್ಳಬೇಕು. ಮದರಂಗಿಯ ಜೊತೆ ನೀಲಿಪುಡಿ, ಅಂದರೆ ಇಂಡಿಗೊ, ಹಚ್ಚುತ್ತಿದ್ದವರ ಪಾಡು ಇನ್ನೂ ಕಷ್ಟದ್ದು. ಬ್ಲೀಚ್ ಮಾಡಿದಾಗ ಆ ನೀಲಿ ಹಸಿರಾಗಿ ಉಳಿದುಬಿಡಬಹುದು, ನೇರಳೆ ಟೋನರ್ ಅದನ್ನು ಕಳೆಯುವುದಿಲ್ಲ. ಹಿಂದೆ ಏನೇನು ಹಚ್ಚಿದ್ದೀರಿ ಎಂಬುದನ್ನು, ಎಷ್ಟೇ ಹಳೆಯದಾದರೂ, ಬ್ಲೀಚಿಗೆ ಕೂರುವ ಮೊದಲೇ ಹೇಳಿಬಿಡುವುದು ಕ್ಷೇಮ.

ರಾಡಿ ಆಗಿಯೇ ಹೋಗಿದ್ದರೆ? ಅದರ ಮೇಲೆ ಇನ್ನೊಂದು ಆ್ಯಶ್ ಬೇಡವೇ ಬೇಡ. ಹೊಸ ಟೋನರ್ ಕೂದಲಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ. ಕ್ಲ್ಯಾರಿಫೈಯಿಂಗ್ ಶಾಂಪೂವಿನಲ್ಲಿ ಒಂದೆರಡು ಸಲ ತೊಳೆದರೆ ಸಾಕಷ್ಟು ಇಳಿಯುತ್ತದೆ, ಸವೆದ ತುದಿಗಳಿಂದ ಇನ್ನೂ ಬೇಗ. ಆಮೇಲೂ ನೇರಳೆ ಬೂದು ಉಳಿದಿದ್ದರೆ ಅದೇ ಲೆವೆಲ್ಲಿನ ಚಿನ್ನದ ಛಾಯೆಯ ಟೋನರ್ ತೆಳ್ಳಗೆ, ಹಸಿರು ಇಣುಕುತ್ತಿದ್ದರೆ ತಾಮ್ರದ ಛಾಯೆಯದು ಹನಿಯಷ್ಟು. ಟೋನರ್ ಹೇಗೂ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮಾಸುವಂಥದ್ದು. ತುರ್ತಿಲ್ಲದಿದ್ದರೆ ಕಾದು ಬಿಡುವುದೇ ಕೂದಲಿಗೆ ಹಿತ. ಮನೆಯಲ್ಲಿ ಬಳಸುವ ನೇರಳೆ ಶಾಂಪೂವಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಳದಿ ಮತ್ತೆ ಕಾಣಿಸತೊಡಗಿದಾಗ ವಾರಕ್ಕೊಮ್ಮೆ ಸಾಕು. ದಿನಾ ಹಾಕಿದರೆ ತುದಿಗಳು ಮಂಕು ನೇರಳೆಗೆ ತಿರುಗುತ್ತವೆ.

ಬಣ್ಣಕ್ಕೆ ಹೋಗುವವರು ಎರಡು ದಿನ ಮೊದಲೇ ಕಿವಿಯ ಹಿಂದೆ ಟೋನರ್ ಹಚ್ಚಿಸಿಕೊಂಡು ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳಿ. ಬ್ಲೀಚ್ ತೊಳೆದಾದ ಮೇಲೆ, ಬೌಲಿಗೆ ಟೋನರ್ ಬೀಳುವ ಮೊದಲು, ಒಂದು ಎಳೆ ಒಣಗಿಸಿ ಬಿಳಿ ಟಿಶ್ಯೂ ಮೇಲಿಟ್ಟು ಕಿಟಕಿಯ ಹತ್ತಿರ ತೋರಿಸಿ ಎಂದು ಕೇಳಿ. ‘ಇದು ಎಷ್ಟನೇ ಲೆವೆಲ್, ಹಾಕುತ್ತಿರುವ ಟೋನರ್ ಎಷ್ಟನೇದು?’ ಎಂಬ ಪ್ರಶ್ನೆಗೆ ಎರಡು ಅಂಕಿಗಳ ಸ್ಪಷ್ಟ ಉತ್ತರ ಬರದಿದ್ದರೆ ಅವತ್ತು ಟೋನರ್ ಹಾಕಿಸಿಕೊಳ್ಳಬೇಡಿ. ಹಳದಿ ತಲೆಯಲ್ಲೇ ಮನೆಗೆ ಬಂದರೂ ಅದನ್ನು ನಾಳೆ ಸರಿಪಡಿಸಬಹುದು.